ಅರ್ಜಿಯಲ್ಲಿ ಬರೆದ ಖಾತೆ, ಹಣ ಸೇರಿದ ಖಾತೆ

ಪಾಠದ ಉದ್ದೇಶ: ಒಂದಕ್ಕಿಂತ ಹೆಚ್ಚು ಬ್ಯಾಂಕ್ ಖಾತೆಗಳಿರುವ ವಿದ್ಯಾರ್ಥಿಯ ವಿದ್ಯಾರ್ಥಿವೇತನವು ಅರ್ಜಿಯಲ್ಲಿ ಬರೆದ ಖಾತೆಯನ್ನು ಬಿಟ್ಟು ಬೇರೊಂದಕ್ಕೆ ಜಮೆಯಾಗುವ ಕಾರಣವನ್ನು ಅರಿಯುವುದು, ಹಣ ಎಲ್ಲಿದೆಯೆಂದು ಪತ್ತೆಹಚ್ಚುವುದು, ಮುಂದಿನ ವರ್ಷದ ಹಣ ಬೇಕಾದ ಖಾತೆಗೇ ಬರುವಂತೆ ಮಾಡುವ ಕ್ರಮವನ್ನು ಕಲಿಯುವುದು.

ತರಗತಿ: 8ರಿಂದ 10. ಅವಧಿ: 2.

1. ಪ್ರವೇಶ: ಒಂದು ಪ್ರಸಂಗ

ಅಕ್ಕಲಕೋಟೆ ತಾಲ್ಲೂಕಿನ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಓದುವ ವಿದ್ಯಾರ್ಥಿನಿಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ಈ ಪಾಠದ ಮಟ್ಟಿಗೆ ಅವಳ ಹೆಸರು ಭಾಗೀರಥಿ. ಎಂಟನೆಯ ತರಗತಿಯಲ್ಲಿದ್ದಾಗ ಅವಳು ಎನ್‌ಎಂಎಂಎಸ್ ಪರೀಕ್ಷೆ ಬರೆದು ಆಯ್ಕೆಯಾದಳು. ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ ರೂ. 12,000 ದೊರೆಯುವ ಕೇಂದ್ರ ಸರಕಾರದ ವಿದ್ಯಾರ್ಥಿವೇತನವಿದು. 2023ರ ಜುಲೈಯಲ್ಲಿ, ಅಂದರೆ ಪರೀಕ್ಷೆಗೆ ಮೊದಲೇ, ತಂದೆ ಅವಳನ್ನು ತಾಲ್ಲೂಕು ಕೇಂದ್ರದ ಸರಕಾರಿ ಬ್ಯಾಂಕಿಗೆ ಕರೆದೊಯ್ದು ಖಾತೆ ತೆರೆಸಿದ್ದರು. ಆಧಾರನ್ನೂ ಆ ಖಾತೆಗೆ ಜೋಡಿಸಿದ್ದರು. ಒಂಬತ್ತನೆಯ ತರಗತಿಯಲ್ಲಿ ರಾಷ್ಟ್ರೀಯ ವಿದ್ಯಾರ್ಥಿವೇತನ ಜಾಲತಾಣದ ಅರ್ಜಿಯಲ್ಲಿ ತುಂಬಿದ್ದೂ ಇದೇ ಖಾತೆಯ ಸಂಖ್ಯೆ.

2025ರ ಆರಂಭದಲ್ಲಿ ಅರ್ಜಿಯ ಸ್ಥಿತಿಯನ್ನು ನೋಡಿದಾಗ ಪಾವತಿ ಯಶಸ್ವಿಯಾಗಿದೆ ಎಂದು ಕಂಡಿತು. ತಂದೆ ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋದರೆ, ಅದರಲ್ಲಿ ಹಣ ಜಮೆಯಾದ ದಾಖಲೆಯೇ ಇಲ್ಲ. ‘ಆಧಾರ್ ಜೋಡಣೆಯಾಗಿದೆಯೇ?’ ಎಂದು ಕೇಳಿದರು. ಗುಮಾಸ್ತರು ಗಣಕಯಂತ್ರ ನೋಡಿ ‘ಆಗಿದೆ’ ಎಂದರು. ಶಾಲೆಯಲ್ಲಿ ವಿಚಾರಿಸಿದರೆ ಅರ್ಜಿಯಲ್ಲಿ ಖಾತೆಯ ಸಂಖ್ಯೆ ಸರಿಯಾಗಿಯೇ ಇದೆ. ಸರಕಾರ ಕೊಟ್ಟೆನೆನ್ನುತ್ತದೆ, ಬ್ಯಾಂಕು ಬಂದಿಲ್ಲವೆನ್ನುತ್ತದೆ, ಶಾಲೆ ತಪ್ಪಿಲ್ಲವೆನ್ನುತ್ತದೆ. ಮೂವರೂ ನಿಜವನ್ನೇ ಹೇಳುತ್ತಿದ್ದಾರೆ. ಆದರೂ ಹನ್ನೆರಡು ಸಾವಿರ ರೂಪಾಯಿ ಕಾಣೆಯಾಗಿದೆ. ನಡುವೆ ಯಾರೋ ಹಣ ನುಂಗಿದ್ದಾರೆ ಎಂಬ ಮಾತು ಊರಿನಲ್ಲಿ ಹುಟ್ಟುವುದು ಇಂಥ ಸಂದರ್ಭದಲ್ಲಿಯೇ. ಆ ಮಾತು ಬಹುಮಟ್ಟಿಗೆ ಅರ್ಜಿ ತುಂಬಿಕೊಟ್ಟ ಶಿಕ್ಷಕರ ಮೇಲೆಯೇ ಬಂದು ನಿಲ್ಲುತ್ತದೆ.

ಈ ಪ್ರಸಂಗವನ್ನು ತರಗತಿಯಲ್ಲಿ ಓದಿ ಹೇಳಿ, ಹಣ ಎಲ್ಲಿರಬಹುದೆಂದು ಮಕ್ಕಳಿಂದಲೇ ಊಹೆ ಮಾಡಿಸಬೇಕು. ಉತ್ತರವನ್ನು ಈಗಲೇ ಕೊಡಬಾರದು.

2. ಹಣದ ಮೇಲಿನ ವಿಳಾಸ ಯಾವುದು?

ಸರಕಾರದ ಹಣ ಫಲಾನುಭವಿಗೆ ತಲುಪಲು ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಖಾತೆಯ ಸಂಖ್ಯೆ ಮತ್ತು ಶಾಖೆಯ ಐಎಫ್‌ಎಸ್‌ಸಿ ಸಂಕೇತವೇ ವಿಳಾಸ. ಅರ್ಜಿಯಲ್ಲಿ ಬರೆದ ಖಾತೆಗೇ ಹಣ ಹೋಗುತ್ತದೆ. ಅಂಕಿ ತಪ್ಪಿದ್ದರೆ ಹಿಂದಿರುಗುತ್ತದೆ ಅಥವಾ ಇನ್ನೊಬ್ಬರ ಖಾತೆಗೆ ಸೇರುತ್ತದೆ. ಎರಡನೆಯ ದಾರಿಯಲ್ಲಿ ಖಾತೆಯ ಸಂಖ್ಯೆಗೆ ಕೆಲಸವೇ ಇಲ್ಲ. ಇಲಾಖೆ ಕಳುಹಿಸುವ ಪಟ್ಟಿಯಲ್ಲಿ ಫಲಾನುಭವಿಯ ಆಧಾರ್ ಸಂಖ್ಯೆ ಹಾಗೂ ಮೊತ್ತ ಇರುತ್ತವೆ. ಹಣ ಯಾವ ಖಾತೆಗೆ ಹೋಗಬೇಕೆಂಬುದನ್ನು ಆ ಆಧಾರ್ ಸಂಖ್ಯೆಯೇ ನಿರ್ಧರಿಸುತ್ತದೆ. ಈ ವ್ಯವಸ್ಥೆಗೆ ಆಧಾರ್ ಪೇಮೆಂಟ್ ಬ್ರಿಡ್ಜ್ ಎಂದು ಹೆಸರು. ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ, ಇದನ್ನು ನಡೆಸುತ್ತದೆ. ಅಡುಗೆ ಅನಿಲದ ಸಹಾಯಧನ, ರೈತರ ಪಿಎಂ-ಕಿಸಾನ್ ಕಂತು, ಹಲವು ವಿದ್ಯಾರ್ಥಿವೇತನಗಳು ಈ ದಾರಿಯಲ್ಲಿ ಬರುತ್ತವೆ.

ಈ ಎರಡನೆಯ ದಾರಿ ಕೆಲಸಮಾಡುವ ಬಗೆಯನ್ನು ತಿಳಿಸಲು ಅಂಚೆಯ ಹೋಲಿಕೆ ಉಪಯುಕ್ತ. ಒಂದು ಲಕೋಟೆಯ ಮೇಲೆ ವ್ಯಕ್ತಿಯ ಹೆಸರು ಮಾತ್ರ ಇದೆ, ಊರಿನ ಹೆಸರಿಲ್ಲ. ಮುಖ್ಯ ಅಂಚೆ ಕಚೇರಿಯಲ್ಲಿ ಒಂದು ವಹಿ ಇದೆ. ಇಂಥವರ ಪತ್ರಗಳು ಇಂಥ ಊರಿಗೆ ಹೋಗಬೇಕು ಎಂದು ಅದರಲ್ಲಿ ಬರೆದಿದೆ. ಒಬ್ಬರ ಹೆಸರಿನ ಮುಂದೆ ಒಂದೇ ಊರನ್ನು ಬರೆಯಲು ಜಾಗವಿದೆ. ಹೊಸ ಊರು ಬರೆದರೆ ಹಳೆಯದನ್ನು ಹೊಡೆದುಹಾಕಬೇಕು. ಆ ಊರಿಗೆ ಪತ್ರ ತಲುಪಿದ ಮೇಲೆ, ಯಾವ ಮನೆಗೆ ಕೊಡಬೇಕೆಂಬುದು ಅಲ್ಲಿನ ಅಂಚೆಯವರ ಬಳಿಯಿರುವ ಇನ್ನೊಂದು ವಹಿಗೆ ಸೇರಿದ ಸಂಗತಿ. ಮುಖ್ಯ ಕಚೇರಿಗೆ ಮನೆಯ ಗುರುತಿಲ್ಲ. ಊರಿನ ಅಂಚೆಯವರಿಗೆ ಬೇರೆ ಊರಿನ ಸಂಗತಿ ಗೊತ್ತಿಲ್ಲ.

ಎನ್‌ಪಿಸಿಐ ಇಟ್ಟುಕೊಂಡಿರುವ ‘ಮ್ಯಾಪರ್’ ಎಂಬ ದಾಖಲೆ ಮೊದಲನೆಯ ವಹಿ. ಅದರಲ್ಲಿ ಒಂದೊಂದು ಆಧಾರ್ ಸಂಖ್ಯೆಯ ಎದುರಿಗೆ ಒಂದು ಬ್ಯಾಂಕಿನ 6 ಅಂಕಿಗಳ ಗುರುತು ಸಂಖ್ಯೆ ಇರುತ್ತದೆ. ಒಂದು ಕಾಲಕ್ಕೆ ಒಂದೇ ಬ್ಯಾಂಕು; ಕೊನೆಯದಾಗಿ ದಾಖಲಾದದ್ದೇ ಊರ್ಜಿತ. ಎರಡನೆಯ ವಹಿ ಬ್ಯಾಂಕಿನ ಒಳಗಿನದು. ಈ ಆಧಾರ್ ಸಂಖ್ಯೆಗೆ ಬಂದ ಹಣವನ್ನು ಇಂಥ ಖಾತೆಗೆ ಜಮೆ ಮಾಡಬೇಕೆಂದು ಅದು ತಿಳಿಸುತ್ತದೆ. ಅರ್ಜಿಯಲ್ಲಿ ಬರೆದ ಖಾತೆಯ ಸಂಖ್ಯೆ ಈ ಎರಡು ವಹಿಗಳಲ್ಲಿ ಯಾವುದನ್ನೂ ತಿದ್ದಲಾರದು. ಈ ಪಾಠದ ಸಾರವೆಲ್ಲ ಈ ಒಂದು ಮಾತಿನಲ್ಲಿದೆ.

3. ‘ಲಿಂಕ್’ ಬೇರೆ, ‘ಸೀಡಿಂಗ್’ ಬೇರೆ

ಬ್ಯಾಂಕಿನ ಗುಮಾಸ್ತರು ‘ಆಧಾರ್ ಜೋಡಣೆಯಾಗಿದೆ’ ಎಂದದ್ದು ಸುಳ್ಳಲ್ಲ. ಖಾತೆ ತೆರೆಯುವಾಗ ಗ್ರಾಹಕರ ಗುರುತಿಗಾಗಿ ಆಧಾರ್ ಸಂಖ್ಯೆಯನ್ನು ಖಾತೆಯೊಂದಿಗೆ ದಾಖಲಿಸುತ್ತಾರೆ. ಜನರು ಲಿಂಕ್ ಎನ್ನುವುದು ಸಾಮಾನ್ಯವಾಗಿ ಇದನ್ನೇ. ಇಂಥ ಜೋಡಣೆ ಐದು ಬ್ಯಾಂಕುಗಳ ಐದು ಖಾತೆಗಳಿಗೂ ಇರಬಹುದು, ಅದಕ್ಕೆ ಮಿತಿಯಿಲ್ಲ. ಸೀಡಿಂಗ್ ಎಂಬುದು ಮುಂದಿನ ಹೆಜ್ಜೆ. ಸರಕಾರದ ಹಣವನ್ನು ಈ ಬ್ಯಾಂಕಿನಲ್ಲಿಯೇ ಪಡೆಯುತ್ತೇನೆಂದು ಗ್ರಾಹಕರು ಒಪ್ಪಿಗೆ ಕೊಟ್ಟ ಮೇಲೆ ಬ್ಯಾಂಕು ಅದನ್ನು ಎನ್‌ಪಿಸಿಐ ವಹಿಗೆ ಕಳುಹಿಸುತ್ತದೆ. ಅಲ್ಲಿ ಒಂದಕ್ಕೇ ಸ್ಥಳ. ಕರ್ನಾಟಕದ ಹಳ್ಳಿಗಳಲ್ಲಿ ‘ಎನ್‌ಪಿಸಿಐ ಮಾಡಿಸಿದ್ದೀರಾ?’ ಎಂದು ಕೇಳುವುದು ಈ ಎರಡನೆಯ ಹೆಜ್ಜೆಯನ್ನು ಕುರಿತು.

ಆದ್ದರಿಂದ ಬ್ಯಾಂಕಿನಲ್ಲಿ ‘ಆಧಾರ್ ಲಿಂಕ್ ಆಗಿದೆಯೇ?’ ಎಂದು ಕೇಳಿದರೆ ಉಪಯೋಗವಿಲ್ಲದ ಉತ್ತರ ಬರುತ್ತದೆ. ‘ಈ ಆಧಾರ್ ಸಂಖ್ಯೆಯ ಸರಕಾರಿ ಹಣ ಈಗ ನಿಮ್ಮ ಬ್ಯಾಂಕಿಗೆ ಬರುತ್ತದೆಯೇ, ಬಂದರೆ ಯಾವ ಖಾತೆಗೆ ಜಮೆಯಾಗುತ್ತದೆ?’ ಎಂದು ಕೇಳಬೇಕು. ಇದೇ ಪ್ರಶ್ನೆಯನ್ನು ಸ್ಥಳೀಯ ಭಾಷೆಯಲ್ಲಿಯೂ, ಅಂದರೆ ಮರಾಠಿ, ಮಲಯಾಳ, ತಮಿಳು ಅಥವಾ ತೆಲುಗಿನಲ್ಲಿ, ಕೇಳುವುದನ್ನು ಮಕ್ಕಳಿಗೆ ಅಭ್ಯಾಸ ಮಾಡಿಸುವುದು ಒಳ್ಳೆಯದು. ಬ್ಯಾಂಕಿನ ಕಿಟಕಿಯ ಮುಂದೆ ಅವರಿಗೆ ಬೇಕಾಗುವುದು ಆ ಭಾಷೆ.

ಇನ್ನೊಂದು ತಪ್ಪು ತಿಳಿವಳಿಕೆಯನ್ನೂ ಇಲ್ಲಿ ನಿವಾರಿಸಬೇಕು. ಹೆಬ್ಬೆರಳು ಒತ್ತಿ ಹಣ ತೆಗೆಯಲು ಬರುವ ಖಾತೆಗೇ ಸರಕಾರದ ಹಣವೂ ಬರುತ್ತದೆಂದು ಹಲವರು ನಂಬಿದ್ದಾರೆ. ಬೆರಳಚ್ಚಿನಿಂದ ಹಣ ತೆಗೆಯುವಾಗ ಯಂತ್ರದಲ್ಲಿ ಬ್ಯಾಂಕನ್ನು ಆರಿಸಿಕೊಳ್ಳಲಾಗುತ್ತದೆ; ಆ ಬ್ಯಾಂಕಿನ ಒಳಗೆ ಆಧಾರ್ ಜೋಡಣೆಯಾಗಿದ್ದರೆ ಸಾಕು, ಹಣ ದೊರೆಯುತ್ತದೆ. ಅದು ಎನ್‌ಪಿಸಿಐ ವಹಿಯಲ್ಲಿ ಯಾವ ಬ್ಯಾಂಕಿದೆ ಎಂಬುದಕ್ಕೆ ಸಾಕ್ಷಿಯಾಗದು.

4. ಪತ್ತೆ ಹಚ್ಚಿದ ಬಗೆ

ಭಾಗೀರಥಿಯ ಶಿಕ್ಷಕರು ಮೊದಲು ಅವಳನ್ನು ಕೇಳಿದ್ದು ಖಾತೆಯ ಸಂಖ್ಯೆಯನ್ನಲ್ಲ. ‘ಕಳೆದೆರಡು ವರ್ಷಗಳಲ್ಲಿ ನೀನು ಬೇರೆಲ್ಲಿಯಾದರೂ ಆಧಾರ್ ಕೊಟ್ಟು ಬೆರಳು ಒತ್ತಿದ್ದೀಯಾ?’ ಎಂಬುದನ್ನು. ಅವಳಿಗೆ ಹೊಳೆಯಲಿಲ್ಲ. ಬಳಿಕ ತಂದೆಯ ಸಮ್ಮುಖದಲ್ಲಿ myaadhaar.uidai.gov.in ಜಾಲತಾಣವನ್ನು ತೆರೆಯಲಾಯಿತು. ಆಧಾರಿಗೆ ನೋಂದಾಯಿಸಿದ ಮೊಬೈಲಿಗೆ ಬಂದ ಒಂದು ಸಲದ ಗುಪ್ತಸಂಖ್ಯೆಯನ್ನು ತಂದೆಯೇ ತುಂಬಿದರು. ಅಲ್ಲಿ `Bank Seeding Status` ಎಂಬುದನ್ನು ಒತ್ತಿದಾಗ ಬ್ಯಾಂಕಿನ ಹೆಸರು, `Active` ಎಂಬ ಸ್ಥಿತಿ ಮತ್ತು ದಿನಾಂಕ ಕಂಡವು. ಬ್ಯಾಂಕು ಅಕ್ಕಲಕೋಟೆಯದಲ್ಲ, ಕರ್ನಾಟಕದ ಒಂದು ಗ್ರಾಮೀಣ ಬ್ಯಾಂಕು. ದಿನಾಂಕ 2024ರ ಮೇ ತಿಂಗಳಿನದು.

ದಿನಾಂಕ ಕಂಡೊಡನೆ ತಾಯಿಗೆ ನೆನಪಾಯಿತು. ಆ ಬೇಸಗೆಯಲ್ಲಿ ಭಾಗೀರಥಿ ಗಡಿಯಾಚೆಯ ಅಫಜಲಪುರ ತಾಲ್ಲೂಕಿನ ಸೋದರಮಾವನ ಊರಿನಲ್ಲಿದ್ದಳು. ಹತ್ತನೆಯ ತರಗತಿಯ ಬಳಿಕ ಅವಳನ್ನು ಅಲ್ಲಿಯೇ ಕಾಲೇಜಿಗೆ ಸೇರಿಸುವ ಯೋಚನೆಯಿತ್ತು. ಊರಿಗೆ ಬಂದಿದ್ದ ಬ್ಯಾಂಕ್ ಮಿತ್ರರೊಬ್ಬರ ಬಳಿ ಮಾವ ಅವಳ ಹೆಸರಿನಲ್ಲಿ ಶೂನ್ಯ ಶಿಲ್ಕಿನ ಖಾತೆ ತೆರೆಸಿದ್ದರು. ಖಾತೆಯ ಅರ್ಜಿಯಲ್ಲಿಯೇ, ಸರಕಾರದ ಸಹಾಯಧನವನ್ನು ಈ ಖಾತೆಯಲ್ಲಿ ಪಡೆಯಲು ಒಪ್ಪಿಗೆಯಿದೆ ಎಂಬ ಸಾಲಿನ ಮುಂದೆ ಗುರುತು ಬಿದ್ದಿತ್ತು. ಆ ಸಾಲನ್ನು ಯಾರೂ ಓದಿರಲಿಲ್ಲ. ಒಪ್ಪಿಗೆ ಎನ್‌ಪಿಸಿಐಗೆ ತಲುಪಿತು, ಅಕ್ಕಲಕೋಟೆಯ ಬ್ಯಾಂಕಿನ ಹೆಸರು ಅಳಿಸಿತು, ಗ್ರಾಮೀಣ ಬ್ಯಾಂಕಿನ ಹೆಸರು ಬಂದು ಕುಳಿತಿತು. ಹಳೆಯ ಖಾತೆ ಎಂದಿನಂತೆ ನಡೆಯುತ್ತಲೇ ಇದ್ದುದರಿಂದ ಯಾವ ವ್ಯತ್ಯಾಸವೂ ಕಾಣಲಿಲ್ಲ.

ಕಾಲಕ್ರಮವನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಬೇಕು. 2023ರ ಜುಲೈಯಲ್ಲಿ ವಹಿಯಲ್ಲಿ ಸರಕಾರಿ ಬ್ಯಾಂಕು. 2024ರ ಮೇಯಲ್ಲಿ ಗ್ರಾಮೀಣ ಬ್ಯಾಂಕು. ಅನಂತರ ಅರ್ಜಿ ತುಂಬುವಾಗ ಹಳೆಯ ಖಾತೆಯ ಸಂಖ್ಯೆ. 2025ರ ಆರಂಭದಲ್ಲಿ ಪಾವತಿ. ಹಣ ಕಳುಹಿಸುವ ಗಳಿಗೆಯಲ್ಲಿ ವಹಿಯಲ್ಲಿ ಏನಿದೆಯೋ ಅದೇ ಲೆಕ್ಕಕ್ಕೆ ಬರುತ್ತದೆ. ಅರ್ಜಿ ಹಾಕಿದ ದಿನ ಏನಿತ್ತೆಂಬುದು ಬರುವುದಿಲ್ಲ. ಅರ್ಜಿ ಹಾಕಿದ ಮೇಲೆ, ಹಣ ಬರುವ ಮುನ್ನ, ಇನ್ನೊಂದು ಖಾತೆ ತೆರೆದಿದ್ದರೂ ಫಲ ಇದೇ ಆಗುತ್ತಿತ್ತು.

ಮಾವ ಆ ಖಾತೆಯ ಪಾಸ್‌ಬುಕ್ಕನ್ನು ನಮೂದು ಮಾಡಿಸಿದಾಗ ರೂ. 12,000 ಅಲ್ಲಿಯೇ ಇತ್ತು. ಜಮೆಯ ಸಂದೇಶ ಅವರ ಮೊಬೈಲಿಗೆ ಬಂದಿತ್ತು. ಖಾತೆಗೆ ಕೊಟ್ಟಿದ್ದ ಸಂಖ್ಯೆ ಅವರದು. ಜಾಹೀರಾತಿನ ಸಂದೇಶಗಳ ನಡುವೆ ಅದು ಕಣ್ಣಿಗೆ ಬಿದ್ದಿರಲಿಲ್ಲ.

5. ಸರಿಪಡಿಸುವ ಕ್ರಮ, ತಪ್ಪುವ ಕ್ರಮ

ಬಂದ ಹಣದ ವಿಷಯ ಸರಳ. ಖಾತೆ ಅವಳ ಹೆಸರಿನದೇ ಆದ್ದರಿಂದ ಹಣ ಅವಳದೇ. ತೆಗೆಯಬಹುದು ಅಥವಾ ಹಳೆಯ ಖಾತೆಗೆ ವರ್ಗಾಯಿಸಬಹುದು. ಸರಕಾರಕ್ಕೆ ಹಿಂದಿರುಗಿಸಿ ಮತ್ತೆ ಕೇಳಬೇಕಾಗಿಲ್ಲ. ಖಾತೆಯಲ್ಲಿ ಎರಡು ವರ್ಷಕ್ಕೂ ಹೆಚ್ಚು ಕಾಲ ಗ್ರಾಹಕರು ವ್ಯವಹಾರ ಮಾಡಿರದೆ ಅದು ನಿಷ್ಕ್ರಿಯವೆಂದು ಗುರುತಾಗಿದ್ದರೆ, ಗುರುತಿನ ದಾಖಲೆಗಳನ್ನು ಮತ್ತೆ ಕೊಟ್ಟು ಅದನ್ನು ಚಾಲ್ತಿಗೆ ತರಬೇಕು. ಇದಕ್ಕೆ ಶುಲ್ಕ ವಿಧಿಸಬಾರದೆಂದು ರಿಜರ್ವ್ ಬ್ಯಾಂಕಿನ ನಿರ್ದೇಶನವಿದೆ.

ಮುಂದಿನ ವರ್ಷದ ಹಣ ಎಲ್ಲಿಗೆ ಬರಬೇಕೆಂಬುದು ಬೇರೆ ಪ್ರಶ್ನೆ. ಭಾಗೀರಥಿಯ ಮನೆಯವರು ಅಕ್ಕಲಕೋಟೆಯ ಖಾತೆಯನ್ನೇ ಬಯಸಿದರು. ಇಲ್ಲಿ ಹಲವರು ಎಡವುತ್ತಾರೆ. ಹಣ ತಪ್ಪಿ ಹೋದ ಬ್ಯಾಂಕಿಗೆ ಹೋಗಿ ‘ನಮ್ಮ ಆಧಾರ್ ತೆಗೆದುಹಾಕಿ’ ಎನ್ನುತ್ತಾರೆ. ಬ್ಯಾಂಕು ತೆಗೆದುಹಾಕುತ್ತದೆ; ಆದರೆ ಹಳೆಯ ಬ್ಯಾಂಕಿನ ಹೆಸರು ತಾನಾಗಿ ಮರಳಿ ಬರುವುದಿಲ್ಲ. ವಹಿಯಲ್ಲಿ ಯಾವ ಬ್ಯಾಂಕೂ ಇಲ್ಲದಂತಾಗಿ ಮುಂದಿನ ಪಾವತಿ ಯಾರಿಗೂ ಸೇರದೆ ಹಿಂದಿರುಗುತ್ತದೆ. ಇನ್ನು ಕೆಲವರು ಕೋಪದಿಂದ ಹೊಸ ಖಾತೆಯನ್ನೇ ಮುಚ್ಚಿಬಿಡುತ್ತಾರೆ. ವಹಿಯಲ್ಲಿ ಇನ್ನೂ ಆ ಬ್ಯಾಂಕೇ ಇದ್ದರೆ, ಹಣ ಅಲ್ಲಿಗೆ ಹೋಗಿ, ಖಾತೆ ಮುಚ್ಚಿದೆ ಎಂಬ ಕಾರಣ ಹೊತ್ತು ಹಿಂದಿರುಗುತ್ತದೆ. ಮೊದಲು ಹಣ ತಪ್ಪು ಖಾತೆಗಾದರೂ ಬಂದಿತ್ತು. ಈಗ ಎಲ್ಲಿಯೂ ಬರುವುದಿಲ್ಲ.

ಸರಿಯಾದ ಕ್ರಮ ಇದಕ್ಕೆ ವಿರುದ್ಧ. ಹಣ ಬರಬೇಕಾದ ಬ್ಯಾಂಕಿಗೆ ಹೋಗಬೇಕು, ಬಿಡಬೇಕಾದ ಬ್ಯಾಂಕಿಗಲ್ಲ. ಅಲ್ಲಿ ಆಧಾರ್ ಸೀಡಿಂಗ್ ಒಪ್ಪಿಗೆಪತ್ರವನ್ನು ಕೇಳಿ ಪಡೆಯಬೇಕು. ಅದರಲ್ಲಿ ಸರಕಾರದ ಹಣ ಜಮೆಯಾಗಬೇಕಾದ ಖಾತೆಯ ಸಂಖ್ಯೆಯನ್ನು ಬರೆಯಬೇಕು. ಈಗ ವಹಿಯಲ್ಲಿರುವ ಬ್ಯಾಂಕಿನ ಹೆಸರನ್ನು ಹಿಂದಿನ ಬ್ಯಾಂಕು ಎಂದು ಬರೆಯಬೇಕು. ಈ ಎರಡನೆಯ ವಿವರವನ್ನು ಬಿಟ್ಟರೆ ಅಥವಾ ತಪ್ಪಾಗಿ ಬರೆದರೆ ಕೋರಿಕೆ ತಿರಸ್ಕೃತವಾಗಬಹುದು. ಆದ್ದರಿಂದಲೇ ಜಾಲತಾಣದಲ್ಲಿ ಸ್ಥಿತಿಯನ್ನು ನೋಡಿಕೊಂಡು ಬ್ಯಾಂಕಿಗೆ ಹೋಗುವುದು ಅಗತ್ಯ. ಅಪ್ರಾಪ್ತ ವಯಸ್ಕರ ಖಾತೆಯಾದರೆ ಪೋಷಕರ ಸಹಿಯನ್ನೂ ಕೇಳುತ್ತಾರೆ. ಎನ್‌ಪಿಸಿಐ ಜಾಲತಾಣದಲ್ಲಿಯೂ ಇಂಥ ಕೋರಿಕೆಯನ್ನು ಸಲ್ಲಿಸುವ ವ್ಯವಸ್ಥೆಯಿದೆ. ಅದಕ್ಕೂ ಆಧಾರಿಗೆ ನೋಂದಾಯಿಸಿದ ಮೊಬೈಲ್ ಬೇಕು.

ಪತ್ರ ಕೊಟ್ಟ ಮಾತ್ರಕ್ಕೆ ಕೆಲಸ ಮುಗಿಯಲಿಲ್ಲ. ಕೆಲವು ದಿನಗಳ ಬಳಿಕ ಮತ್ತೆ `Bank Seeding Status` ನೋಡಿ, ಬೇಕಾದ ಬ್ಯಾಂಕಿನ ಹೆಸರೂ `Active` ಎಂಬ ಸ್ಥಿತಿಯೂ ಕಾಣುವವರೆಗೆ ವಿಚಾರಿಸುತ್ತಿರಬೇಕು. ಭಾಗೀರಥಿಯ ವಿಷಯದಲ್ಲಿ ಮೊದಲ ಸಲ ನೋಡಿದಾಗ ಹಳೆಯ ಸ್ಥಿತಿಯೇ ಇತ್ತು. ಶಾಖೆಯಲ್ಲಿ ವಿಚಾರಿಸಿದರೆ ಪತ್ರ ಕಡತದಲ್ಲಿಯೇ ಉಳಿದಿತ್ತು, ಗಣಕಯಂತ್ರದಲ್ಲಿ ದಾಖಲಾಗಿರಲಿಲ್ಲ. ಎರಡನೆಯ ಸಲ ನೋಡಿದಾಗ ಬ್ಯಾಂಕಿನ ಹೆಸರು ಬದಲಾಗಿತ್ತು.

ಈ ಬದಲಾವಣೆ ಒಂದು ಯೋಜನೆಗೆ ಮಾತ್ರ ಸೀಮಿತವಲ್ಲ. ಒಂದು ಆಧಾರ್ ಸಂಖ್ಯೆಗೆ ಈ ದಾರಿಯಲ್ಲಿ ಬರುವ ಹಣವೆಲ್ಲ ಒಂದೇ ಖಾತೆಗೆ ಬರುತ್ತದೆ. ವಿದ್ಯಾರ್ಥಿವೇತನ ಒಂದಕ್ಕೆ, ಇನ್ನಾವುದೋ ಸಹಾಯಧನ ಮತ್ತೊಂದಕ್ಕೆ ಎಂದು ಹಂಚಲು ಬಾರದು. ಹೊಸ ಖಾತೆ ತೆರೆದು ಸೀಡಿಂಗ್‌ಗೆ ಒಪ್ಪಿದ ತಂದೆಯ ಪಿಎಂ-ಕಿಸಾನ್ ಕಂತೂ ಅನಿಲದ ಸಹಾಯಧನವೂ ಒಟ್ಟಿಗೇ ಹೊಸ ಕಡೆಗೆ ಹೊರಳುತ್ತವೆ. ದೇಶದಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಬೆಳಕಿಗೆ ಬಂದದ್ದು 2017ರಲ್ಲಿ. ಮೊಬೈಲ್ ಸಿಮ್ಮಿನ ಪರಿಶೀಲನೆಗೆಂದು ಬೆರಳೊತ್ತಿದ ಅನೇಕರ ಹೆಸರಿನಲ್ಲಿ ಪೇಮೆಂಟ್ಸ್ ಬ್ಯಾಂಕ್ ಖಾತೆಗಳು ತೆರೆದುಕೊಂಡು, ಅವರ ಅನಿಲ ಸಹಾಯಧನ ಅವರಿಗರಿಯದಂತೆ ಅತ್ತ ಹೋಗಿತ್ತು. ಆಧಾರ್ ಪ್ರಾಧಿಕಾರ ಅದೇ ಡಿಸೆಂಬರಿನಲ್ಲಿ ಕ್ರಮ ಕೈಗೊಂಡಿತು. ಹಿಂದಿನ ಬ್ಯಾಂಕಿನ ಹೆಸರು ಸಹಿತ ಸ್ಪಷ್ಟ ಒಪ್ಪಿಗೆಯಿಲ್ಲದೆ ವಹಿಯನ್ನು ಬದಲಿಸಬಾರದೆಂಬ ಕಟ್ಟುಪಾಡು ಬಿಗಿಯಾದದ್ದು ಆ ಬಳಿಕ.

6. ಒಂದೇ ಬ್ಯಾಂಕು, ಎರಡು ಖಾತೆ

ಕೆಲವೊಮ್ಮೆ ಸ್ಥಿತಿಯನ್ನು ನೋಡಿದರೆ ಅರ್ಜಿಯಲ್ಲಿ ಬರೆದ ಬ್ಯಾಂಕಿನ ಹೆಸರೇ ಕಾಣುತ್ತದೆ, ಆದರೂ ಪಾಸ್‌ಬುಕ್ಕಿನಲ್ಲಿ ಹಣವಿರುವುದಿಲ್ಲ. ಆಗ ಮೊದಲನೆಯ ವಹಿ ಸರಿಯಾಗಿದೆ, ತಡಕಬೇಕಾದದ್ದು ಎರಡನೆಯದನ್ನು. ಊರು ಸರಿ, ಮನೆ ಬೇರೆ.

ಗಡಿನಾಡಿನ ಕನ್ನಡ ಕುಟುಂಬಗಳಲ್ಲಿ ಇದಕ್ಕೆ ಒಂದು ವಿಶೇಷ ಕಾರಣವುಂಟು. ಕಾಸರಗೋಡಿನಂಥ ಕಡೆಗಳಲ್ಲಿ ಕರಾವಳಿ ಕರ್ನಾಟಕದಲ್ಲಿ ಹುಟ್ಟಿದ ಬ್ಯಾಂಕುಗಳ ಶಾಖೆಗಳು ಬಹುಕಾಲದಿಂದ ಇದ್ದವು. ಆ ಬ್ಯಾಂಕುಗಳು ಈಚೆಗೆ ವಿಲೀನಗೊಂಡವು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕು ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿತು. 2020ರ ಏಪ್ರಿಲ್ 1ರಂದು ಸಿಂಡಿಕೇಟ್ ಬ್ಯಾಂಕು ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಷನ್ ಬ್ಯಾಂಕು ಹಾಗೂ ಆಂಧ್ರಾ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿಯೂ ಸೇರಿದವು. ಸಿಂಡಿಕೇಟಿನಲ್ಲಿ ಒಂದು, ಕೆನರಾದಲ್ಲಿ ಒಂದು ಎಂದು ಎರಡು ಬೇರೆ ಬ್ಯಾಂಕುಗಳಲ್ಲಿ ಖಾತೆಯಿದ್ದವರಿಗೆ ಈಗ ಒಂದೇ ಬ್ಯಾಂಕಿನಲ್ಲಿ ಎರಡು ಖಾತೆ. ಎರಡಕ್ಕೂ ಆಧಾರ್ ಜೋಡಣೆಯಾಗಿರಬಹುದು. ಸರಕಾರದ ಹಣ ಮಾತ್ರ ಅವುಗಳಲ್ಲಿ ಒಂದಕ್ಕೇ ಬರುತ್ತದೆ. ಅದು ಮೂಲೆಯಲ್ಲಿ ಬಿದ್ದಿರುವ ಹಳೆಯ ಪಾಸ್‌ಬುಕ್ಕಿನದೂ ಆಗಿರಬಹುದು.

ಇಂಥಲ್ಲಿ ಮನೆಯಲ್ಲಿರುವ ಹಳೆಯ ಪಾಸ್‌ಬುಕ್ಕುಗಳನ್ನೆಲ್ಲ ತೆಗೆದು ನೋಡುವುದು ಮೊದಲ ಕೆಲಸ. ಬಳಿಕ ಅದೇ ಬ್ಯಾಂಕಿನ ಶಾಖೆಯಲ್ಲಿ, ಸರಕಾರದ ಹಣಕ್ಕಾಗಿ ಗುರುತಿಸಿದ ಖಾತೆಯನ್ನು ಬದಲಿಸಲು ಬರಹದಲ್ಲಿ ಕೋರಬೇಕು. ಬ್ಯಾಂಕು ಬದಲಾಗದ ಕಾರಣ ಮೊದಲನೆಯ ವಹಿಯಲ್ಲಿ ತೋರುವ ಹೆಸರು ಹಾಗೆಯೇ ಇರುತ್ತದೆ. ಕೆಲಸವಾಯಿತೆಂಬುದನ್ನು ಶಾಖೆಯಲ್ಲಿಯೇ ಕೇಳಿ ಖಚಿತಪಡಿಸಿಕೊಳ್ಳಬೇಕು.

ಖಾತೆಯ ಸಂಖ್ಯೆಯ ದಾರಿಯಲ್ಲಿ ಬರುವ ಹಣಕ್ಕೆ ವಿಲೀನದ ತೊಡಕು ಬೇರೆ ಬಗೆಯದು. ಅಲ್ಲಿ ಐಎಫ್‌ಎಸ್‌ಸಿ ಸಂಕೇತ ಬದಲಾಗಿರುತ್ತದೆ. ಹಳೆಯ ಪಾಸ್‌ಬುಕ್ ನೋಡಿ ಅರ್ಜಿ ತುಂಬಿದರೆ ಹಣ ಹಿಂದಿರುಗುತ್ತದೆ. ಆದ್ದರಿಂದ ಯಾವ ದೂರು ಬಂದರೂ ಶಿಕ್ಷಕರು ಮೊದಲು ಕೇಳಬೇಕಾದದ್ದು, ಈ ಯೋಜನೆಯ ಹಣ ಆಧಾರಿನ ದಾರಿಯಲ್ಲಿ ಬಂದಿದೆಯೋ ಖಾತೆಯ ಸಂಖ್ಯೆಯ ದಾರಿಯಲ್ಲೋ ಎಂಬುದನ್ನು.

7. ಹಣ ಬೇರೆಯವರ ಖಾತೆಯಲ್ಲಿದ್ದರೆ

ಮೇಲಿನ ಎರಡು ಸಂದರ್ಭಗಳಲ್ಲಿಯೂ ಹಣ ವಿದ್ಯಾರ್ಥಿಯ ಸ್ವಂತ ಖಾತೆಯಲ್ಲಿಯೇ ಇರುತ್ತದೆ. ಮೂರನೆಯ ಸಂದರ್ಭ ವಿರಳ, ಆದರೆ ಗಂಭೀರ: ಬ್ಯಾಂಕಿನಲ್ಲಿ ಮಗುವಿನ ಆಧಾರ್ ಸಂಖ್ಯೆ ಮತ್ತೊಬ್ಬರ ಖಾತೆಯ ಎದುರಿಗೆ ದಾಖಲಾಗಿರುವುದು. ಅಣ್ಣ ತಂಗಿಯರಿಬ್ಬರ ಖಾತೆಗಳನ್ನು ಒಂದೇ ದಿನ ತೆರೆದು, ಆಧಾರ್ ಪ್ರತಿಗಳು ಅದಲುಬದಲಾದರೆ ಹೀಗಾಗುತ್ತದೆ. ತಂಗಿಯ ಹಣ ಅಣ್ಣನ ಖಾತೆಗೆ ಬರುತ್ತದೆ. ಇದಕ್ಕೆ ಹೊಸ ಒಪ್ಪಿಗೆಪತ್ರ ಸಾಲದು. ಆ ಖಾತೆಯಿಂದ ತಪ್ಪಾದ ಆಧಾರ್ ಸಂಖ್ಯೆಯನ್ನು ತೆಗೆದು ಸರಿಯಾದದ್ದನ್ನು ದಾಖಲಿಸಲು ಎರಡೂ ಆಧಾರ್ ಪ್ರತಿಗಳೊಂದಿಗೆ ಶಾಖಾ ವ್ಯವಸ್ಥಾಪಕರಿಗೆ ಬರಹದಲ್ಲಿ ದೂರು ಕೊಡಬೇಕು, ಸ್ವೀಕೃತಿ ಪಡೆಯಬೇಕು. ಖಾತೆ ಅಪರಿಚಿತರದಾದರೆ ಹಣವನ್ನು ಮರಳಿ ಪಡೆಯುವುದು ಬ್ಯಾಂಕಿನ ಮೂಲಕವೇ ಆಗಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನಕರವಾಗಿಲ್ಲದಿದ್ದರೆ ರಿಜರ್ವ್ ಬ್ಯಾಂಕಿನ ಲೋಕಪಾಲರಿಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು.

8. ತರಗತಿಯ ಚಟುವಟಿಕೆ

ಮೂವರು ಮಕ್ಕಳನ್ನು ಮುಂದೆ ಕೂರಿಸಬೇಕು. ಒಬ್ಬರ ಕೈಯಲ್ಲಿ ಮೊದಲನೆಯ ವಹಿ. ಇನ್ನಿಬ್ಬರು ಎರಡು ಬ್ಯಾಂಕುಗಳು, ಪ್ರತಿಯೊಬ್ಬರ ಬಳಿಯೂ ಒಳಗಿನ ವಹಿ. ಉಳಿದ ಮಕ್ಕಳಿಗೆ ‘ಅ-1’, ‘ಅ-2’ ಎಂಬ ಕಲ್ಪಿತ ಸಂಖ್ಯೆಗಳನ್ನು ಕೊಟ್ಟು, ಒಪ್ಪಿಗೆಚೀಟಿಗಳನ್ನು ಬೇರೆ ಬೇರೆ ಕ್ರಮದಲ್ಲಿ ಬ್ಯಾಂಕುಗಳಿಗೆ ಕೊಡಿಸಬೇಕು. ಕೊನೆಗೆ ಶಿಕ್ಷಕರು ‘ಅ-1ಕ್ಕೆ 12,000’ ಎಂದು ಬರೆದ ಚೀಟಿಯನ್ನು ವಹಿ ಹಿಡಿದವರ ಕೈಗೆ ಕೊಡಬೇಕು. ಅದು ಯಾವ ಖಾತೆ ಸೇರುತ್ತದೆಂದು ತರಗತಿ ಮೊದಲೇ ಊಹಿಸಿ ಹೇಳಬೇಕು. ಎರಡನೆಯ ಸುತ್ತಿನಲ್ಲಿ ಒಬ್ಬ ವಿದ್ಯಾರ್ಥಿ ಆಧಾರನ್ನು ತೆಗೆಸಿ, ಬೇರೆಡೆ ದಾಖಲಿಸದೆ ಬಿಡಲಿ. ಚೀಟಿ ಶಿಕ್ಷಕರ ಕೈಗೇ ಮರಳಿ ಬರುವುದನ್ನು ಎಲ್ಲರೂ ನೋಡಲಿ.

ಎಚ್ಚರಿಕೆ: ಮಕ್ಕಳ ನಿಜವಾದ ಆಧಾರ್ ಸಂಖ್ಯೆಗಳನ್ನು ಕಪ್ಪುಹಲಗೆಯ ಮೇಲೆ ಬರೆಯಬಾರದು, ಪಾಲಕರ ವಾಟ್ಸಾಪ್ ಗುಂಪಿನಲ್ಲಿ ಹಾಕಬಾರದು. ಮೊಬೈಲಿಗೆ ಬರುವ ಗುಪ್ತಸಂಖ್ಯೆಯನ್ನು ಶಿಕ್ಷಕರು ಕೇಳಬಾರದು, ಪಾಲಕರೇ ತುಂಬಬೇಕು.

9. ಅಭ್ಯಾಸ

1. ಒಬ್ಬ ವಿದ್ಯಾರ್ಥಿಗೆ ಮೂರು ಬ್ಯಾಂಕುಗಳಲ್ಲಿ ಖಾತೆಯಿದೆ, ಮೂರಕ್ಕೂ ಆಧಾರ್ ಜೋಡಣೆಯಾಗಿದೆ. ಆಧಾರಿನ ದಾರಿಯಲ್ಲಿ ಬರುವ ಹಣ ಎಷ್ಟು ಬ್ಯಾಂಕುಗಳಿಗೆ ಬರಬಹುದು? ಏಕೆ?

2. ಭಾಗೀರಥಿ 2024ರ ಮೇಯಲ್ಲಿ ಹೊಸ ಖಾತೆ ತೆರೆದು, ಸಹಾಯಧನದ ಒಪ್ಪಿಗೆಯ ಸಾಲಿಗೆ ಗುರುತು ಹಾಕದೆ ಇದ್ದಿದ್ದರೆ ಹಣ ಎಲ್ಲಿಗೆ ಬರುತ್ತಿತ್ತು?

3. ಮಡಕಶಿರಾದ ಒಬ್ಬ ವಿದ್ಯಾರ್ಥಿಯ ಸ್ಥಿತಿಯಲ್ಲಿ ಸರಿಯಾದ ಬ್ಯಾಂಕಿನ ಹೆಸರೇ ಇದೆ, `Active` ಎಂದೂ ಇದೆ. ಆದರೆ ಅವನ ಪಾಸ್‌ಬುಕ್ಕಿನಲ್ಲಿ ಹಣವಿಲ್ಲ. ಅವನು ಬ್ಯಾಂಕಿನಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಕನ್ನಡದಲ್ಲಿಯೂ ತೆಲುಗಿನಲ್ಲಿಯೂ ಬರೆಯಿರಿ.

4. ನಿಮ್ಮ ಮನೆಯವರು ಈಚೆಗೆ ತೆರೆದ ಖಾತೆಯ ಅರ್ಜಿಯ ಪ್ರತಿಯಿದ್ದರೆ, ಅದರಲ್ಲಿ ಸಹಾಯಧನದ ಒಪ್ಪಿಗೆಯ ಸಾಲನ್ನು ಹುಡುಕಿ, ಅದರ ಅರ್ಥವನ್ನು ಮನೆಯ ಹಿರಿಯರಿಗೆ ಕನ್ನಡದಲ್ಲಿ ಓದಿ ಹೇಳಿ.

ಉತ್ತರದ ಸುಳಿವು: ಮೊದಲನೆಯದಕ್ಕೆ ಒಂದೇ ಬ್ಯಾಂಕು, ಕೊನೆಯದಾಗಿ ಸೀಡಿಂಗ್ ಆದದ್ದು. ಎರಡನೆಯದಕ್ಕೆ ಅಕ್ಕಲಕೋಟೆಯ ಖಾತೆ. ಜೋಡಣೆ ಮಾತ್ರದಿಂದ ವಹಿ ಬದಲಾಗದು. ಮೂರನೆಯದಕ್ಕೆ ಬ್ಯಾಂಕಿನ ಒಳಗಿನ ವಹಿಯನ್ನು ಕುರಿತ ಪ್ರಶ್ನೆ ಬರಬೇಕು. ‘ಲಿಂಕ್ ಆಗಿದೆಯೇ’ ಎಂದು ಬರೆದವರಿಗೆ ಮೂರನೆಯ ಭಾಗವನ್ನು ಮತ್ತೊಮ್ಮೆ ಓದಿಸಬೇಕು.